ಬೆಳಗಿನ ಶಾಲೆಗೆ ಅಪ್ಪ ಹಾಕಿದ ತಕರಾರು

ಸೊರಬದಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದಷ್ಟು ವರ್ಷವೂ ಬೇಸಿಗೆ ಬಂತೆಂದರೆ ಪೋಷಕರಿಗೆ ನಾನೊಂದು ಸುತ್ತೋಲೆ ಬರೆಯುತ್ತಿದ್ದೆ. ಬಿಸಿಲು ಹೆಚ್ಚಾಗಿದೆ, ಇಂಥ ದಿನದಿಂದ ಶಾಲೆ ಬೆಳಿಗ್ಗೆ ನಡೆಯುತ್ತದೆ ಎಂಬ ನಾಲ್ಕು ಸಾಲಿನ ಕಾಗದ. ಅಷ್ಟು ಬರೆಯಲು ನನಗೆ ಎರಡು ದಿನ ಹಿಡಿಯುತ್ತಿತ್ತು. ಮೊದಲು ಒಂದೊಂದೇ ತರಗತಿಗೆ ಹೋಗಿ, "ದೂರದಿಂದ ನಡೆದು ಬರೋರು ಎದ್ದು ನಿಲ್ಲಿ" ಎನ್ನುತ್ತಿದ್ದೆ. ಎಷ್ಟು ಹೊತ್ತಿಗೆ ಮನೆ ಬಿಡ್ತೀರಿ, ದಾರಿಯಲ್ಲಿ ನೆರಳಿದೆಯಾ, ಜೊತೆಗೆ ಯಾರಿರ್ತಾರೆ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಪೆನ್ನು ಹಿಡಿಯುತ್ತಿದ್ದದ್ದು. ಜೊತೆಯ ಮೇಷ್ಟರುಗಳಿಗೆ ಇದು ವಯಸ್ಸಾದ ಹೆಂಗಸಿನ ಗೀಳಾಗಿ ಕಾಣುತ್ತಿತ್ತು. ನಾನೂ ವಿವರಿಸಲು ಹೋಗಲಿಲ್ಲ. ವಿವರಿಸಬೇಕೆಂದರೆ ನಮ್ಮ ಅಪ್ಪನಿಂದ ಶುರು ಮಾಡಬೇಕಾಗುತ್ತಿತ್ತು, ಅಪ್ಪನಿಂದ ಶುರುವಾದ ಮಾತು ನನ್ನಲ್ಲಿ ಬೇಗ ಮುಗಿಯುವುದಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮದು ಉಡುತಡಿ ಕಡೆಯ ಒಂದು ಸಣ್ಣ ಹಳ್ಳಿ. ನಾನು ಶಿಕಾರಿಪುರದ ಮಿಡ್ಲ್ ಸ್ಕೂಲಿನಲ್ಲಿ ಎಂಟನೆಯ ತರಗತಿಯಲ್ಲಿದ್ದೆ. ಊರಿಂದ ಶಾಲೆಗೆ ಒಂದೂವರೆ ಗಂಟೆಯ ನಡಿಗೆ. ನಮ್ಮೂರಿಂದ ಶಾಲೆಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಶಾಲೆ ಹತ್ತೂವರೆಗೆ ಇರುತ್ತಿದ್ದುದರಿಂದ ಹೊರಡುವ ಹೊತ್ತಿಗೆ ಪೇಟೆಗೆ ಮೊಸರು, ಸೊಪ್ಪು ಮಾರಲು ಹೋಗುವ ಹೆಂಗಸರು ಜೊತೆಗಿರುತ್ತಿದ್ದರು. ಸಂಜೆ ಅವರೊಂದಿಗೇ ವಾಪಸು. ಆ ಹೆಂಗಸರ ಬುಟ್ಟಿಗಳ ಹಿಂದೆ ನಡೆದೇ ನಾನು ಎಂಟನೆಯ ತರಗತಿ ಮುಟ್ಟಿದ್ದು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಆ ವರ್ಷ ಅದು ಹೇಳದೆ ಕೇಳದೆ ಮೊದಲೇ ಓಡಿಹೋಗಿತ್ತು. ನಮ್ಮ ಶಾಲೆಯಲ್ಲಿ ಹಳೆಯ ಹಂಚಿನ ಕಟ್ಟಡದಲ್ಲಿ ದೊಡ್ಡದೊಂದು ಕೋಣೆ, ಪಕ್ಕದಲ್ಲಿ ಮೇಷ್ಟರ ಕೋಣೆ. ಉಳಿದ ತರಗತಿಗಳೆಲ್ಲ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ. ಮಧ್ಯಾಹ್ನ ಎರಡಕ್ಕೆ ಆ ತಗಡಿನ ಕೆಳಗೆ ಕೂತವರ ಪಾಡು ಯಾರಿಗೂ ಬೇಡ. ಮೇಷ್ಟರು ಲೆಕ್ಕ ಹೇಳುತ್ತಿದ್ದರೆ ನಾವು ಸ್ಲೇಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೆವು. ಒಂದು ದಿನ ಐದನೆಯ ತರಗತಿಯ ಹುಡುಗಿಯೊಬ್ಬಳು ಪದ್ಯ ಒಪ್ಪಿಸುತ್ತಾ ನಿಂತವಳು ಹಾಗೇ ಕುಸಿದು ಬಿದ್ದಳು. ಹೆಡ್ ಮಾಸ್ತರರು ಓಡಿಬಂದು ಅವಳನ್ನು ಎತ್ತಿ ಹಂಚಿನ ಕಟ್ಟಡಕ್ಕೆ ಒಯ್ದರು. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಎದ್ದು ಕೂತಳು. ಅವತ್ತೇ ಹೆಡ್ ಮಾಸ್ತರರು ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರಿಗೆ ಕಾಗದ ಬರೆದು, ಬೆಳಗಿನ ಶಾಲೆ ನಡೆಸಲು ಒಪ್ಪಿಗೆ ತರಿಸಿಕೊಂಡರು.

ಆಗ ಶಾಲೆಯಲ್ಲಿ ಟೈಪು ಮಾಡುವ ಯಂತ್ರ ಎಲ್ಲಿತ್ತು. ಹೆಡ್ ಮಾಸ್ತರರು ಸುತ್ತೋಲೆಯನ್ನು ಕಪ್ಪು ಹಲಗೆಯ ಮೇಲೆ ಬರೆದರು. ದೊಡ್ಡ ತರಗತಿಯ ನಾವು ನಮಗೂ ಸಣ್ಣ ಮಕ್ಕಳಿಗೂ ಸೇರಿಸಿ ಕಾಲು ಹಾಳೆಗಳಲ್ಲಿ ನಕಲು ಮಾಡಿದೆವು. ಅವರು ಒಂದೊಂದನ್ನೂ ಓದಿ, ತಪ್ಪು ತಿದ್ದಿ, ರುಜು ಹಾಕಿ, ಶಾಲೆಯ ಗುಂಡು ಮೊಹರು ಒತ್ತಿದರು. ಒಕ್ಕಣೆ ಇಷ್ಟು: "ಪೋಷಕರ ಗಮನಕ್ಕೆ ತರುವುದೇನೆಂದರೆ, ಬಿಸಿಲಿನ ತಾಪ ವಿಪರೀತವಾಗಿರುವ ಪ್ರಯುಕ್ತ ಬರುವ ಸೋಮವಾರದಿಂದ ಶಾಲೆಯು ಬೆಳಿಗ್ಗೆ ಏಳೂವರೆಯಿಂದ ಹನ್ನೊಂದೂವರೆಯವರೆಗೆ ನಡೆಯುವುದು. ಮಕ್ಕಳನ್ನು ಬರಿಹೊಟ್ಟೆಯಲ್ಲಿ ಕಳುಹಿಸಬಾರದು. ಪ್ರಾರ್ಥನೆಯ ವೇಳೆಗೆ ಬಾರದವರನ್ನು ಗೈರುಹಾಜರೆಂದು ಪರಿಗಣಿಸಲಾಗುವುದು." ಕೆಳಗೆ, ಓದಿ ತಿಳಿದುಕೊಂಡಿದ್ದೇನೆ ಎಂದು ಪೋಷಕರು ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಿ ಕಳುಹಿಸಲು ಒಂದಿಷ್ಟು ಜಾಗ.

ನನ್ನ ಕೈಬರಹದ ಸರ್ಕಾರಿ ಕಾಗದ ಎಂಬ ಜಂಬದಲ್ಲಿ ಅದನ್ನು ಮನೆಗೆ ತಂದೆ. ಅಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಓದಿ ಹೇಳಿದೆ. ಮೊಹರು ಕಂಡದ್ದೇ ತಡ, ಹಗ್ಗ ಪಕ್ಕಕ್ಕಿಟ್ಟು ನೆಟ್ಟಗೆ ಕೂತ.

ಇಲ್ಲಿ ಅಪ್ಪನ ಬಗ್ಗೆ ಎರಡು ಮಾತು ಹೇಳಲೇಬೇಕು. ಅಪ್ಪನಿಗೆ ರುಜು ಹಾಕುವಷ್ಟೇ ಅಕ್ಷರ ಬರುತ್ತಿತ್ತು. ಆದರೆ ಕಾಗದಪತ್ರ ಎಂದರೆ ಪ್ರಾಣ. ಹೊಲದ ಬಾಂದುಕಲ್ಲು ಯಾರೋ ಸರಿಸಿದ್ದಾರೆಂದು ನಾನು ಹುಟ್ಟುವ ಮೊದಲಿನಿಂದ ತಾಲ್ಲೂಕು ಕಚೇರಿಗೆ ಅರ್ಜಿ ಹಾಕುತ್ತಲೇ ಇದ್ದ. ಅರ್ಜಿ ಕೊಟ್ಟವನಿಗೆ ಕಚೇರಿಯವರು ಬರೆದುಕೊಡುವ ಉತ್ತರಕ್ಕೆ ಹಿಂಬರಹ ಎನ್ನುತ್ತಾರಲ್ಲ, ಅಂಥದ್ದೊಂದು ಅಪ್ಪನಿಗೆ ಅಲ್ಲಿಯವರೆಗೂ ಬಂದಿರಲಿಲ್ಲ. ಹಾಗೆಂದು ಅವನ ಉತ್ಸಾಹವೇನೂ ಕುಂದಿರಲಿಲ್ಲ. ಅವನ ಪ್ರಕಾರ ಮೊಹರು ಬಿದ್ದ ಕಾಗದ ಮನೆಗೆ ಬಂತೆಂದರೆ ಅದು ನೋಟೀಸು. ನೋಟೀಸು ಬಂತೆಂದರೆ ತಕರಾರು ಹೇಳಿಕೊಳ್ಳಲು ಅವಕಾಶ ಉಂಟು.

"ತಕರಾರಿಗೆ ವಾಯಿದೆ ಎಷ್ಟು ಕೊಟ್ಟಾರೆ?" ಎಂದು ಕೇಳಿದ.

"ಅಂಥದ್ದೇನೂ ಇಲ್ಲಪ್ಪ. ಇದು ತಿಳಿಸೋದಕ್ಕೆ ಬರ್ದಿರೋ ಕಾಗದ."

"ಬರೀದಿದ್ರೂ ಇದ್ದೇ ಇರ್ತದೆ. ಕಚೇರಿ ವಿಷ್ಯ ನಿನಗೇನು ಗೊತ್ತು."

ಒಳಗಿನಿಂದ ಅಜ್ಜಿ ಬಂದಳು. ಅಪ್ಪನ ತಾಯಿ. ನಾನು ಆರನೆಯ ತರಗತಿಗೆ ಹೋದಾಗಿನಿಂದಲೂ ಸಾಕು ಬಿಡಿಸು ಎಂದು ಜಪ ಮಾಡುತ್ತಿದ್ದವಳು. "ಏಳೂವರೆಗೆ ಅಲ್ಲಿರಬೇಕಂದ್ರೆ ಇಲ್ಲಿಂದ ಕತ್ಲಾಗೇ ಹೊಂಡಬೇಕು. ಆ ಹೊತ್ನಾಗೆ ಮೊಸರಿನೋರೂ ಇರಲ್ಲ, ಸೊಪ್ಪಿನೋರೂ ಇರಲ್ಲ. ಬೆಳೆದ ಹುಡುಗಿನ ಒಂಟಿಯಾಗಿ ಕಳಿಸ್ತೀಯೇನು? ಊರೋರು ಏನಂತಾರೆ?" ಎಂದಳು. ಅಜ್ಜಿಯ ಮಾತು ಸುಳ್ಳಾಗಿದ್ದರೆ ನಾನು ಜಗಳವಾಡುತ್ತಿದ್ದೆ. ಆದರೆ ಅದು ನಿಜವೇ ಆಗಿತ್ತು.

ಅವ್ವ ರೊಟ್ಟಿ ತಟ್ಟುತ್ತಿದ್ದಳು. ನನ್ನ ಪರವೋ ಅಜ್ಜಿಯ ಪರವೋ ತಿಳಿಯದ ಹಾಗೆ ಒಂದೇ ಮಾತು ಹೇಳಿದಳು: "ಈಗ ಬಿಸ್ಲು ಹೊತ್ನಾಗೆ ಒಳಗೆ ಕುಂತಿರ್ತಾಳೆ, ತಂಪೊತ್ತಿಗೆ ಬರ್ತಾಳೆ. ಇನ್ಮ್ಯಾಕೆ ಹನ್ನೊಂದೂವರೆಗೆ ಬಿಟ್ರೆ ನಡು ಮಧ್ಯಾಹ್ನ ಬೆಂಕಿಯಾಗೆ ನಡೀಬೇಕಲ್ಲ. ಬಿಸ್ಲು ಅಂತ ಮಾಡಿದ್ದಂತೆ ಇದು."

ಅಪ್ಪ ತಲೆಯಾಡಿಸಿದ. "ಅದು ಎರಡನೇ ಕಲಮು," ಎಂದ.

ಆಮೇಲೆ ಅಪ್ಪ ತೀರ್ಪು ಹೇಳಿದ. ತಕರಾರು ಹಾಕುತ್ತೇನೆ, ಮೇಷ್ಟರು ಅದನ್ನು ಒಪ್ಪಿ ದಾರಿ ಮಾಡಿದರೆ ಹುಡುಗಿ ಹೋಗಲಿ, ಒಪ್ಪದಿದ್ದರೆ ಮನೆಯಲ್ಲಿರಲಿ. ಅಜ್ಜಿಗೆ ಇದು ಗೆದ್ದಂತೆಯೇ ಆಯಿತು. ಅಪ್ಪನ ಅರ್ಜಿಗಳ ಗತಿ ಅವಳಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಎಂಟನೆಯ ತರಗತಿಯ ಸರ್ಕಾರಿ ಪರೀಕ್ಷೆ ಹತ್ತಿರ ಬಂದಿತ್ತು. ಈಗ ಬಿಟ್ಟರೆ ಮತ್ತೆ ಶಾಲೆಯ ಮುಖ ನೋಡುವಂತಿರಲಿಲ್ಲ. ಹೋದ ವರ್ಷ ಬಿಟ್ಟ ನನ್ನ ದೊಡ್ಡಪ್ಪನ ಮಗಳು ಆಗಲೇ ಗಂಡನ ಮನೆ ಸೇರಿದ್ದಳು.

ಸಂತೆಯ ದಿನ ಅಪ್ಪ ಒಗೆದ ಅಂಗಿ ತೊಟ್ಟು ನನ್ನ ಜೊತೆಯೇ ಶಿಕಾರಿಪುರಕ್ಕೆ ಬಂದ. ನನ್ನನ್ನು ಶಾಲೆಗೆ ಕಳಿಸಿ ತಾನು ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವನ ಹತ್ತಿರ ಹೋದ. ಆ ಪುಣ್ಯಾತ್ಮ, ಅಪ್ಪ ತನ್ನ ಹಳೆಯ ಗಿರಾಕಿ ಎಂಬ ಸಲಿಗೆಯಲ್ಲಿ, ಇದು ಶಾಲೆಗೆ ಕೊಡುವ ಕಾಗದ, ತಹಶೀಲ್ದಾರರಿಗಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ತನಗೆ ಬಾಯಿಪಾಠವಾಗಿದ್ದ ಒಕ್ಕಣೆಯನ್ನೇ ಉದ್ದಕ್ಕೂ ಬರೆದು, ಮೇಲೆ ಕೋರ್ಟ್ ಫೀ ಸ್ಟಾಂಪನ್ನೂ ಅಂಟಿಸಿಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ನಾನು ನಕ್ಷೆ ತರಲು ಮೇಷ್ಟರ ಕೋಣೆಗೆ ಹೋದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಹೊರಗೆ ಬಿಟ್ಟು, ತಲೆಯ ವಸ್ತ್ರ ತೆಗೆದು, ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಕ್ಷೆಗಳ ಮೂಲೆಯಲ್ಲಿ ಹುಡುಕುವವಳ ಹಾಗೆ ನಿಂತೆ.

ನಮ್ಮ ಹೆಡ್ ಮಾಸ್ತರರು ಸೊರಬದ ಕಡೆಯವರು. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. "ಬನ್ನಿ ಯಜಮಾನ್ರೇ, ಒಳಗ್ ಬನ್ನಿ. ಎಂತ ವಿಷಯ?" ಎಂದು ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದರು. "ಮಹಾಸ್ವಾಮಿಗಳವರ ಸನ್ನಿಧಾನಕ್ಕೆ, ತಕರಾರುದಾರನು ಭಯಭಕ್ತಿಯಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಹುಕುಂ ಪ್ರಕಾರ ಸದರಿ ವಿದ್ಯಾರ್ಥಿನಿಯು ಕತ್ತಲಲ್ಲಿ ನಿರ್ಗಮಿಸಬೇಕಾಗುವುದು ಒಂದನೇ ಕಲಮು. ಬಿಸಿಲಿನ ಬಾಧೆ ತಪ್ಪಿಸಲು ಹೊರಟ ಹುಕುಮಿನ ದೆಸೆಯಿಂದಲೇ ಸದರಿಯವಳು ಮಟಮಟ ಮಧ್ಯಾಹ್ನದಲ್ಲಿ ಊರು ಸೇರಬೇಕಾಗುವುದು ಎರಡನೇ ಕಲಮು."

ಪಕ್ಕದಲ್ಲಿದ್ದ ಡ್ರಿಲ್ ಮೇಷ್ಟರು ಸ್ಟಾಂಪು ನೋಡಿ ಕಿಸಕ್ಕೆಂದರು. ಹೆಡ್ ಮಾಸ್ತರರು ನಗಲಿಲ್ಲ. ಎರಡನೇ ಕಲಮನ್ನು ಇನ್ನೊಂದು ಸಲ, ಈ ಸಲ ಮನಸ್ಸಿನಲ್ಲೇ, ಓದಿಕೊಂಡರು. ಆಮೇಲೆ ಕಪಾಟಿನಿಂದ ಶಾಲೆಗೆ ಬಂದ ಕಾಗದಗಳನ್ನು ಬರೆದಿಡುವ ದಪ್ಪ ಪುಸ್ತಕ ತೆಗೆದು, ಇನ್ಸ್‌ಪೆಕ್ಟರ್ ಸಾಹೇಬರ ಕಾಗದದ ಕೆಳಗಿನ ಸಾಲಿನಲ್ಲೇ ಅಪ್ಪನ ಅರ್ಜಿಯನ್ನು ದಾಖಲು ಮಾಡಿಕೊಂಡರು.

"ಹಿಂಬರಹ ಎಂದಿಗೆ ಸಿಗ್ತದೆ ಸ್ವಾಮಿ?" ಎಂದು ಅಪ್ಪ ಕೇಳಿದ.

"ಶನಿವಾರ ಮಗಳ ಕೈಲೇ ಕಳಿಸ್ತೆ."

ಅಪ್ಪ ಆಗಲಿ ಎಂದು ಕೈಮುಗಿದು ಹೊರಟ. ಅವನ ಮುಖದಲ್ಲಿ ನಂಬಿಕೆಯೇನೂ ಕಾಣಲಿಲ್ಲ. ಶನಿವಾರ ಎಂದವರನ್ನು ಅವನು ಬಹಳ ಕಂಡಿದ್ದ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್ ಮಾಸ್ತರರು ಹಳ್ಳಿಗಳಿಂದ ಬರುವವರೆಲ್ಲ ಮುಂದೆ ಬನ್ನಿ ಎಂದರು. ನಾವು ಸುಮಾರು ಮಂದಿಯೇ ಇದ್ದೆವು. ಒಬ್ಬೊಬ್ಬರನ್ನೂ ಎಷ್ಟು ದೂರ, ಹನ್ನೊಂದೂವರೆಗೆ ಬಿಟ್ಟರೆ ಎಷ್ಟಕ್ಕೆ ಮನೆ ಮುಟ್ಟುತ್ತೀ ಎಂದು ಕೇಳಿದರು. ಹುಡುಗರಲ್ಲಿ ಯಾರ ಮನೆಯಲ್ಲೂ ಗಡಿಯಾರವಿರಲಿಲ್ಲ. ಹೊಲದಲ್ಲಿ ಬುತ್ತಿ ಬಿಚ್ಚೋ ಹೊತ್ತಿಗೆ, ದನ ನೆರಳಿಗೆ ನಿಲ್ಲೋ ಹೊತ್ತಿಗೆ ಎಂದೆಲ್ಲ ಹೇಳಿದರು. ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

"ನನ್ನ ತಲೇಲಿ ಆ ತಗಡಿನ ಕಾವೊಂದೇ ಇತ್ತು ಕಾಣ್ರೋ. ನಿಮ್ಮ ದಾರಿ ನೆನಪಿಗೇ ಬರ್ಲಿಲ್ಲ," ಎಂದರು. ನೂರಾರು ಮಕ್ಕಳೆದುರು ಒಬ್ಬ ಹೆಡ್ ಮಾಸ್ತರು ಹೀಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೆ ನಾನೇ ಅದೇ ಕೆಲಸಕ್ಕೆ ಸೇರಿದ ಮೇಲೂ ಕೇಳಲಿಲ್ಲ.

ಇನ್ಸ್‌ಪೆಕ್ಟರರು ಒಪ್ಪಿದ ಹೊತ್ತನ್ನು ಅವರು ಬದಲಿಸುವಂತಿರಲಿಲ್ಲ. ಆದರೆ ಆ ಹೊತ್ತಿನೊಳಗೆ ಯಾವ ಪಾಠ ಎಲ್ಲಿರಬೇಕೆಂಬ ವೇಳಾಪಟ್ಟಿ ಅವರ ಕೈಯಲ್ಲೇ ಇತ್ತು. ಶನಿವಾರ ಎರಡನೆಯ ಸುತ್ತೋಲೆ ಹಲಗೆಯ ಮೇಲೆ ಬಂತು. ಮೊದಲ ಮುಕ್ಕಾಲು ಗಂಟೆ ಪ್ರಾರ್ಥನೆ, ಡ್ರಿಲ್ಲು, ತಕಲಿಯಲ್ಲಿ ನೂಲು ತೆಗೆಯುವುದು. ಹಾಜರಿ ಕೂಗುವುದು ಅದಾದ ನಂತರ, ಎಂಟೂಕಾಲಕ್ಕೆ. ಹಳ್ಳಿಯ ಮಕ್ಕಳು ಅಷ್ಟರೊಳಗೆ ಬಂದರೆ ಸಾಕು. ಹನ್ನೊಂದೂವರೆಗೆ ಶಾಲೆ ಬಿಟ್ಟ ಮೇಲೆ ಅವರು ಹಂಚಿನ ಕಟ್ಟಡದಲ್ಲೇ ಇದ್ದು, ಬುತ್ತಿ ಉಂಡು, ಬಿಸಿಲು ಇಳಿದ ಮೇಲೆ ಹೊರಡಬಹುದು. ಅಲ್ಲಿಯವರೆಗೆ ಒಬ್ಬ ಉಪಾಧ್ಯಾಯರು ಜೊತೆಯಲ್ಲಿರುತ್ತಾರೆ. ಈ ಏರ್ಪಾಡನ್ನು ಇನ್ಸ್‌ಪೆಕ್ಟರರ ಗಮನಕ್ಕೆ ತರಲಾಗಿದೆ.

ಡ್ರಿಲ್ ಮೇಷ್ಟರಿಗೆ ಈಗ ನಗು ಬರಲಿಲ್ಲ. ಮಧ್ಯಾಹ್ನ ಕಾಯುವ ಪಾಳಿಯಲ್ಲಿ ಅವರೂ ಇದ್ದರು.

ಸುತ್ತೋಲೆಯ ಜೊತೆಗೆ ನನ್ನ ಕೈಗೆ ಇನ್ನೊಂದು ಕಾಗದ ಕೊಟ್ಟರು. ಅಪ್ಪನ ಹೆಸರಿಗೆ ಬೇರೆಯಾಗಿ, ಹೆಡ್ ಮಾಸ್ತರರ ದುಂಡು ಅಕ್ಷರದಲ್ಲಿ ಬರೆದದ್ದು. ದಾರಿಯುದ್ದಕ್ಕೂ ಪುಸ್ತಕದ ನಡುವೆ ಇಟ್ಟು ಎದೆಗೆ ಅವಚಿಕೊಂಡು ಬಂದೆ. ಜಗಲಿಯ ಮೇಲೆ ಅಪ್ಪ, ಅಜ್ಜಿ, ಅವ್ವ ಮೂವರೂ ಇದ್ದರು. ಓದಿದೆ. "ಹಿಂಬರಹ. ತಾವು ಸಲ್ಲಿಸಿದ ತಕರಾರಿನ ಎರಡು ಕಲಮುಗಳನ್ನೂ ಪರಿಶೀಲಿಸಲಾಯಿತು. ಎರಡೂ ನ್ಯಾಯವಾಗಿವೆ. ಅದರಂತೆ ವೇಳೆಯನ್ನು ಸರಿಪಡಿಸಿದೆ. ಗಮನಕ್ಕೆ ತಂದುದಕ್ಕೆ ಶಾಲೆಯು ತಮಗೆ ಋಣಿ."

ಅಪ್ಪ ಹತ್ತಿರ ಸರಿದು ಕೂತ. ಇನ್ನೊಂದು ಸಲ ಓದು ಎಂದ. ಓದಿದೆ. "ನ್ಯಾಯವಾಗಿವೆ" ಎಂಬಲ್ಲಿ ನಿಲ್ಲಿಸಿ, ಅದನ್ನು ಎಲ್ಲಿ ಬರೆದಿದ್ದಾರೆ ತೋರಿಸು ಎಂದ. ತೋರಿಸಿದೆ. ಹಗ್ಗ ಹೊಸೆದು ಒರಟಾದ ಬೆರಳನ್ನು ಆ ಅಕ್ಷರಗಳ ಪಕ್ಕದಲ್ಲಿಟ್ಟು, ಮುಟ್ಟದೆ, ಸ್ವಲ್ಪ ಹೊತ್ತು ನೋಡಿದ.

ಅಜ್ಜಿ ಅಷ್ಟಕ್ಕೇ ಬಿಡುವವಳಲ್ಲ. "ಅವ್ರು ಬರೀತಾರೆ. ಅವ್ರಿಗೇನು. ಹುಡುಗಿ ಮನೆಯಾಗಿದ್ರೆ ನಮಗೂ ನೆಮ್ಮದಿ," ಎಂದಳು.

"ನಾ ಕೇಳ್ದೆ, ಅವ್ರು ಕೊಟ್ರು," ಎಂದ ಅಪ್ಪ. "ಕೇಳಿದ್ದು ಕೊಟ್ಟ ಮ್ಯಾಲೂ ಕಳಿಸ್ಲಿಲ್ಲಂದ್ರೆ ನನ್ ಮಾತಿಗೇನು ಬೆಲೆ ಬಂತವ್ವ? ಇಷ್ಟು ವರ್ಷ ಅಲ್ಲಿ ಇಲ್ಲಿ ನಿಂತು ನಂದೂ ನ್ಯಾಯ ಐತೆ ಅಂದೆ. ಹೌದು ಅಂದೋರು ಇವ್ರೊಬ್ರೇ."

ಅಜ್ಜಿ ಸೆರಗು ಕೊಡವಿ ಒಳಗೆ ಹೋದಳು. ಅವ್ವ ನನ್ನ ಕಡೆ ನೋಡಿ, ಸೋಮವಾರಕ್ಕೆ ಬುತ್ತಿಗೆ ಏನು ಕಟ್ಟಲಿ ಎಂದು ಕೇಳಿದಳು. ನಾನು ದನದ ಕೊಟ್ಟಿಗೆಯ ಹಿಂದೆ ಹೋಗಿ ಅತ್ತೆ. ಸಂತೋಷಕ್ಕೆ ಅಳು ಬರುತ್ತದೆಂದು ಅದುವರೆಗೆ ಗೊತ್ತಿರಲಿಲ್ಲ.

ಸೋಮವಾರದಿಂದ ಹೊತ್ತು ಹುಟ್ಟಿದ ಮೇಲೆ ಹೊರಡತೊಡಗಿದೆ. ಮೊಸರಿನ ಹೆಂಗಸರು ವಿಷಯ ಕೇಳಿ ತಾವೂ ಬೇಗ ಹೊರಟರು. ಬಿಸಿಲೇರಿದರೆ ಮೊಸರು ಹುಳಿಯಾಗುತ್ತದೆ, ಹೀಗೇ ಒಳ್ಳೆಯದಾಯಿತು ಎಂದರು. ಈಗ ಕೂತು ಯೋಚಿಸಿದರೆ, ಪಾಠಕ್ಕಿಂತ ಹೆಚ್ಚಾಗಿ ನನ್ನನ್ನು ಬೆಳೆಸಿದ್ದು ಆ ಮಧ್ಯಾಹ್ನಗಳು. ಹಂಚಿನ ಕೋಣೆಯ ನೆಲಕ್ಕೆ ನೀರು ಚಿಮುಕಿಸಿ, ಬುತ್ತಿ ಬಿಚ್ಚಿ, ಒಬ್ಬರದನ್ನೊಬ್ಬರು ತಿನ್ನುತ್ತಿದ್ದೆವು. ಹೆಡ್ ಮಾಸ್ತರರ ಹೆಂಡತಿ ಒಂದು ದೊಡ್ಡ ಚರಿಗೆಯ ತುಂಬ ಮಜ್ಜಿಗೆ ಕಳಿಸುತ್ತಿದ್ದರು. ಯಾರ ಪಾಳಿಯಿದ್ದರೂ ಹೆಡ್ ಮಾಸ್ತರರು ಊಟ ಮಾಡಿಕೊಂಡು ಬಂದುಬಿಡುತ್ತಿದ್ದರು. ಪುಸ್ತಕದ ಕಪಾಟಿನ ಬೀಗ ತೆಗೆದಿಟ್ಟು, ಬೇಕಾದ್ದು ಓದಿ ಎನ್ನುತ್ತಿದ್ದರು. ನನ್ನ ಶತ್ರುವಾಗಿದ್ದ ಭಿನ್ನರಾಶಿ ಆ ನೆಲದ ಮೇಲೆ, ಒಂದು ರೊಟ್ಟಿಯನ್ನು ಮುರಿಯುತ್ತಾ ಮುರಿಯುತ್ತಾ, ನನಗೆ ಒಲಿಯಿತು. ಪೇಟೆಯ ಮಕ್ಕಳು ಮನೆಯಲ್ಲಿ ಮಲಗಿರುವಾಗ ನಮಗೆ ಇನ್ನೊಂದು ಶಾಲೆಯೇ ಸಿಕ್ಕಿತ್ತು. ಅದಕ್ಕೆ ಯಾವ ವೇಳಾಪಟ್ಟಿಯೂ ಇರಲಿಲ್ಲ.

ಪರೀಕ್ಷೆಗೆ ಇನ್ನೇನು ಸ್ವಲ್ಪ ದಿನವಿರುವಾಗ, ಅಂಥದ್ದೇ ಒಂದು ಮಧ್ಯಾಹ್ನ, ಅಪ್ಪ ಶಾಲೆಗೆ ಬಂದ. ಸಂತೆಗೆ ಬಂದವನು ಹಾಗೇ ಬಂದಿದ್ದ. ಒಳಗೆ ಬರದೆ ಕಿಟಕಿಯ ಆಚೆ ನಿಂತುಕೊಂಡ. ನಾನು ಸಣ್ಣ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆಯ ಪುಸ್ತಕವೊಂದನ್ನು ಗಟ್ಟಿಯಾಗಿ ಓದುತ್ತಿದ್ದೆ. ಓದಿನ ಗುಂಗಿನಲ್ಲಿ ನನಗೆ ಅವನು ಕಾಣಲೇ ಇಲ್ಲ. ಹೆಡ್ ಮಾಸ್ತರರ ದನಿ ಕೇಳಿ ತಲೆಯೆತ್ತಿದೆ.

"ಎಂತ ಯಜಮಾನ್ರೇ, ಬಿಸ್ಲಲ್ಲಿ ನಿಂತಿದ್ದು? ಏನಾದ್ರೂ ತಕರಾರು ಉಂಟಾ?"

"ಇಲ್ಲ ಸ್ವಾಮಿ. ತಕರಾರೇನಿಲ್ಲ," ಎಂದು ಅಪ್ಪ ವಸ್ತ್ರದಿಂದ ಮುಖ ಒರೆಸಿಕೊಂಡ. ನನ್ನ ಕಡೆ ನೋಡಿದ, ಸುತ್ತ ಕೂತಿದ್ದ ಮಕ್ಕಳ ಕಡೆ ನೋಡಿದ. "ಈಕೀನ ಮುಂದೆ ಹೈಸ್ಕೂಲಿಗೆ ಓದಿಸ್ಬೇಕು ಅಂದ್ರೆ ಯಾರಿಗೆ ಅರ್ಜಿ ಹಾಕ್ಬೇಕು?"

ಹೆಡ್ ಮಾಸ್ತರರು ಕಿಟಕಿಯ ಹತ್ತಿರ ಹೋದರು. "ಮುಂದಿನ ಕಾಗದ ಎಲ್ಲ ನಾನು ನೋಡ್ಕಳ್ತೆ. ಆದ್ರೆ ಮೊದ್ಲು ನೀವೇ ಒಪ್ಬೇಕಲ್ಲ. ಹೂಂ ಅಂತ್ರಾ?"

ಅಪ್ಪನಿಗೆ ಇದು ತನ್ನನ್ನು ಕೇಳಬಹುದಾದ ಪ್ರಶ್ನೆ ಎಂದು ಹೊಳೆದೇ ಇರಲಿಲ್ಲವೇನೋ. ಕಿಟಕಿಯ ಸರಳು ಹಿಡಿದುಕೊಂಡು, ಕಚೇರಿಯ ಸಾಹೇಬರು ರುಜು ಹಾಕುವ ಮೊದಲು ಮಾಡುವ ಹಾಗೆ ಒಂದು ಗಳಿಗೆ ತಡೆದ.

"ಹೂಂ," ಎಂದ. ಆಮೇಲೆ ತಲೆಗೆ ವಸ್ತ್ರ ಸುತ್ತಿಕೊಂಡು, ಎತ್ತಿಗೆ ನೀರು ಕುಡಿಸಬೇಕು ಎನ್ನುತ್ತಾ ಹೊರಟುಹೋದ.